ತರಗತಿಯಲ್ಲಿ ನಗು: ಯಾರು ನಕ್ಕರು, ಯಾರನ್ನು ನೋಡಿ?

ಬೋಧನಾಭ್ಯಾಸಕ್ಕೆಂದು ನಮ್ಮ ಕೈಗೆ ಕೊಡುವ ವೀಕ್ಷಣಾ ಪಟ್ಟಿಯಲ್ಲಿ ‘ಹಾಸ್ಯಪ್ರಜ್ಞೆ’ ಎಂದೊಂದು ಸಾಲಿದೆ. ಅದರ ಎದುರು ಒಂದರಿಂದ ಐದರವರೆಗೆ ಅಂಕ. ಮಕ್ಕಳು ನಕ್ಕರೆ ನಾಲ್ಕು, ಜೋರಾಗಿ ನಕ್ಕರೆ ಐದು. ರೂಢಿಯಲ್ಲಿ ನಡೆದು ಬಂದಿರುವುದು ಹೀಗೆ. ಈ ಸಾಲನ್ನು ತುಂಬುವ ಕ್ರಮ ಬದಲಾಗಬೇಕು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಕಾರಣ, ನಾನೇ ಒಂದು ವಾರದಲ್ಲಿ ಗಳಿಸಿದ ಎರಡು ಐದುಗಳು.

ಶಾಲೆ ಮೂಡಿಗೆರೆಯಿಂದ ಕಳಸಕ್ಕೆ ಹೋಗುವ ಕಡೆಯದು. ಎಂಟನೇ ತರಗತಿ, ಮೂವತ್ತೊಂದು ಮಕ್ಕಳು, ಪಾಠ ‘ಘರ್ಷಣೆ’. ಜುಲೈ ತಿಂಗಳ ಮಳೆ. ಹೊರಗಿನ ಜಗಲಿಯ ಮೇಲೆ ಹಸಿರು ಪಾಚಿ ಕಟ್ಟಿತ್ತು. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಚಾರ್ಟು ಹಿಡಿದು ಬಾಗಿಲು ದಾಟುವಾಗ ಕಾಲು ಜಾರಿ ಕೂತೇಬಿಟ್ಟೆ. ಹಿಂದಿನ ಬೆಂಚಿನಲ್ಲಿ ವೀಕ್ಷಕರು ಆಗಲೇ ಬಂದು ಕುಳಿತಿದ್ದರು. ಒಂದು ಮಗುವೂ ನಗಲಿಲ್ಲ. ಮೂವತ್ತೊಂದು ಬಾಯಿಗಳು ಬಿಗಿದುಕೊಂಡಿದ್ದವು. ಮುಂದಿನ ಬೆಂಚಿನ ಹುಡುಗಿ ಮಾತ್ರ “ಮಿಸ್, ಪೆಟ್ಟಾಯ್ತಾ?” ಅಂದಳು. “ಪೆಟ್ಟೇನೂ ಇಲ್ಲ. ಇವತ್ತಿನ ಪಾಠಕ್ಕೆ ಬೇಕಾದ್ದು ಜಗಲಿಯಲ್ಲಿ ಇರಲಿಲ್ಲ, ಅಷ್ಟೇ” ಅಂದು ನಾನೇ ನಕ್ಕೆ. ತರಗತಿ ಒಮ್ಮೆಗೇ ಬಿಚ್ಚಿಕೊಂಡಿತು. ನನ್ನ ಕೈ ನಡುಗುತ್ತಿದ್ದದ್ದೂ ಆಗಲೇ ನಿಂತಿತು.

ಮಕ್ಕಳು ಅಲ್ಲಿಯವರೆಗೆ ನಗದೇ ಇದ್ದದ್ದು ಏಕೆ? ಪೀಟರ್ ಮೆಕ್‌ಗ್ರಾ ಮತ್ತು ಕ್ಯಾಲೆಬ್ ವಾರೆನ್ ಎಂಬ ಸಂಶೋಧಕರು 2010ರಲ್ಲಿ ಮುಂದಿಟ್ಟ ವಿವರಣೆ ಇಲ್ಲಿ ನೆರವಿಗೆ ಬರುತ್ತದೆ. ಯಾವುದೋ ಒಂದು ಇರಬೇಕಾದಂತೆ ಇಲ್ಲ ಎಂದು ಮನಸ್ಸಿಗೆ ತೋರಬೇಕು, ಅದೇ ಹೊತ್ತಿಗೆ ಅದರಿಂದ ಅಪಾಯವಿಲ್ಲ ಎಂದೂ ತೋರಬೇಕು. ಎರಡೂ ಕೂಡಿದರೆ ನಗು. ಟೀಚರ್ ಬಿದ್ದದ್ದು ಇರಬೇಕಾದಂತೆ ಇಲ್ಲದ ಸಂಗತಿ, ಅದರಲ್ಲಿ ಅನುಮಾನವಿಲ್ಲ. ಆದರೆ ಅಪಾಯವಿಲ್ಲ ಎಂಬುದು ಮಕ್ಕಳಿಗೆ ಖಾತ್ರಿಯಿರಲಿಲ್ಲ. ಮಿಸ್‌ಗೆ ನೋವಾಗಿರಬಹುದು, ನಕ್ಕರೆ ಬೈಯಬಹುದು, ಹಿಂದೆ ದೊಡ್ಡವರು ಬೇರೆ ಕೂತಿದ್ದಾರೆ. ನಾನು ನಕ್ಕಾಗ ಎರಡನೆಯ ಷರತ್ತೂ ಪೂರೈಸಿತು.

ಆ ದಿನ ಪಾಠ ಚೆನ್ನಾಗಿಯೇ ಆಯಿತು. ಅದರಲ್ಲಿ ಜಾಣತನಕ್ಕಿಂತ ಅದೃಷ್ಟದ ಪಾಲು ಹೆಚ್ಚು; ನಗು ಬಂದ ಜಾಗದಲ್ಲೇ ಪಾಠವೂ ಇತ್ತು. ಪಾಚಿ ಏಕೆ ಜಾರುತ್ತದೆ, ತೋಟಕ್ಕೆ ಹಾಕುವ ಗಂಬೂಟಿನ ಅಡಿಯಲ್ಲಿ ಗೆರೆಗಳು ಏಕಿವೆ, ಅಡಿಕೆ ಹಾಳೆಯ ಮೇಲೆ ತಮ್ಮನನ್ನು ಕೂರಿಸಿ ಎಳೆಯುವಾಗ ಶುರುವಿನಲ್ಲಿ ಬಲ ಹೆಚ್ಚು ಬೇಕಾಗಿ ಆಮೇಲೆ ಸಲೀಸಾಗುವುದು ಏಕೆ ಎಂದು ಮಾತು ಮುಂದುವರಿಯಿತು. ಸ್ಥಾಯಿ ಘರ್ಷಣೆ ಹೆಚ್ಚು, ಜಾರು ಘರ್ಷಣೆ ಕಡಿಮೆ ಎಂಬುದು ಹಾಳೆಯಿಂದಲೇ ಬಂತು. ಇಸ್ರೇಲಿನ ಅವ್ನೆರ್ ಝಿವ್ ಸಂಖ್ಯಾಶಾಸ್ತ್ರದ ತರಗತಿಗಳಲ್ಲಿ ನಡೆಸಿ 1988ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ನಮ್ಮಲ್ಲಿ ‘ನಗಿಸಿದರೆ ಅಂಕ ಹೆಚ್ಚುತ್ತದೆ’ ಎಂದಷ್ಟೇ ಹೇಳಿ ಮುಗಿಸುತ್ತೇವೆ. ಅಲ್ಲಿ ಹಾಸ್ಯ ಕಲಿಸುವ ಪರಿಕಲ್ಪನೆಗೇ ಸಂಬಂಧಿಸಿತ್ತು, ಗಂಟೆಗೆ ಮೂರು ನಾಲ್ಕಕ್ಕಿಂತ ಹೆಚ್ಚಿರಲಿಲ್ಲ. ಮೊದಲು ಪರಿಕಲ್ಪನೆ, ಆಮೇಲೆ ಅದನ್ನು ತೋರಿಸುವ ನಗೆಮಾತು, ಮತ್ತೆ ಪರಿಕಲ್ಪನೆಗೇ ಮರಳುವುದು. ನಾವು ವಿಷಯ ಪ್ರವೇಶಕ್ಕೆಂದು ಪೀಠಿಕೆಯಲ್ಲಿ ಅಂಟಿಸುವ ವಾಟ್ಸ್ಯಾಪ್ ಜೋಕಿನಲ್ಲಿ ಈ ಮರಳುವಿಕೆ ಇರುವುದಿಲ್ಲ. ‘ನಗಿಸಿದರೆ ತರಗತಿ ಕೈತಪ್ಪುತ್ತದೆ’ ಎನ್ನುವ ಸಹಪಾಠಿಗಳು ನೋಡಿರುವುದು ಬಹುಶಃ ಇಂಥ ನಗುವನ್ನೇ.

ಎರಡನೆಯ ಐದು ಬಂದದ್ದು ಮೂರು ದಿನದ ಮೇಲೆ. ತೋಟದ ಲೈನ್ ಮನೆಯಿಂದ ಬರುವ ಒಬ್ಬ ಹುಡುಗ ಇದ್ದ. ಅಪ್ಪ ಅಮ್ಮ ಅಸ್ಸಾಮಿನಿಂದ ಕೆಲಸಕ್ಕೆ ಬಂದವರು. ಮೊದಲ ದಿನ ಎಲ್ಲರಿಗಿಂತ ಹೆಚ್ಚು ಕೈ ಎತ್ತಿದವನು ಅವನೇ. ಪುನರಾವರ್ತನೆಯಲ್ಲಿ “ಚಕ್ರ ಏಕೆ ಸುಲಭವಾಗಿ ಉರುಳುತ್ತದೆ?” ಎಂದು ಕೇಳಿದೆ. ಎದ್ದು ನಿಂತು “ಗರಸನೆ ಕಮ್ಮಿ” ಅಂದ. ಉತ್ತರ ಸರಿ. ಆದರೆ ಹಿಂದಿನಿಂದ ಯಾರೋ “ಗರಸನೆ!” ಎಂದು ಎಳೆದರು. ತರಗತಿ ನಕ್ಕಿತು, ಅವನೂ ನಕ್ಕ. ಹೇಳಲು ನಾಚಿಕೆಯಾಗುತ್ತದೆ, ನಾನೂ ನಕ್ಕೆ. ವೀಕ್ಷಣಾ ಪಟ್ಟಿಯಲ್ಲಿ ‘ತರಗತಿಯ ವಾತಾವರಣ ಲವಲವಿಕೆಯಿಂದಿತ್ತು’ ಎಂದು ಬಂತು. ನನ್ನ ದಿನಚರಿಯಲ್ಲಿ ನಾನೂ ಅದನ್ನೇ ಬರೆದುಕೊಂಡೆ.

ಆಮೇಲಿನ ನಾಲ್ಕು ಪಾಠಗಳಲ್ಲಿ ಅವನ ಕೈ ಒಮ್ಮೆಯೂ ಮೇಲೇಳಲಿಲ್ಲ. ಅದು ನನ್ನ ಗಮನಕ್ಕೆ ಬಂದದ್ದೇ ಮೂರನೆಯ ಪಾಠದಲ್ಲಿ.

ಅವನೂ ನಕ್ಕನಲ್ಲ ಎಂಬ ಸಮಾಧಾನ ಇಲ್ಲಿ ನಿಲ್ಲುವುದಿಲ್ಲ. ರಾಬರ್ಟ್ ಪ್ರೊವೈನ್ ಎಂಬ ಅಮೆರಿಕದ ನರವಿಜ್ಞಾನಿ ಅಂಗಡಿ ಬೀದಿ, ಕಾಲೇಜು ಆವರಣಗಳಲ್ಲಿ ಜನ ನಗುವುದನ್ನು ಸುಮಾರು 1,200 ಸಲ ದಾಖಲಿಸಿದರು. ನಗುವಿನ ಹಿಂದೆ ನಿಜಕ್ಕೂ ತಮಾಷೆಯ ಮಾತು ಇದ್ದದ್ದು ನೂರಕ್ಕೆ ಇಪ್ಪತ್ತಕ್ಕಿಂತ ಕಡಿಮೆ. ಉಳಿದವು ‘ಆಮೇಲೆ ಸಿಗೋಣ’ ಎಂಬಂಥ ಸಾಧಾರಣ ಮಾತುಗಳು. ಜನ ನಗುವುದು ಹೆಚ್ಚಾಗಿ ನಾನೂ ನಿಮ್ಮ ಜೊತೆಗಿದ್ದೇನೆ ಎಂದು ತೋರಿಸಲು. ಆ ಹುಡುಗನ ನಗುವೂ ಅದೇ: ನನ್ನನ್ನು ಹೊರಗಿಡಬೇಡಿ ಎಂಬ ಅರ್ಜಿ. ನಾನು ಜಾರಿದ್ದಕ್ಕೂ ಅವನ ನಾಲಿಗೆ ಜಾರಿದ್ದಕ್ಕೂ ತರಗತಿಯ ಕಣ್ಣಿನಲ್ಲಿ ವ್ಯತ್ಯಾಸವಿರಲಿಲ್ಲ. ನನಗೆ ಮಾತ್ರ ಮುಂದಿನ ಕ್ಷಣದಲ್ಲಿ ಎದ್ದು ನಿಂತು ಮಾತಾಡುವ ಅಧಿಕಾರವಿತ್ತು. ಅವನಿಗೆ ಅಪಾಯವಿಲ್ಲ ಎಂದು ತೀರ್ಮಾನಿಸಿದ್ದು ಅವನನ್ನು ಬಿಟ್ಟು ಉಳಿದ ನಾವೆಲ್ಲ.

ಮೂಡಿಗೆರೆಯಲ್ಲಿ ಕುಳಿತು ಈ ಮಾತು ಬರೆಯುವಾಗ ತೇಜಸ್ವಿಯವರ ‘ಕರ್ವಾಲೊ’ ನೆನಪಾಗದೆ ಇರದು. ಊರಿಗೆಲ್ಲ ನಗೆಪಾಟಲಾದ ಜೇನು ಹಿಡಿಯುವ ಮಂದಣ್ಣನಲ್ಲಿ ವಿಜ್ಞಾನಿ ಕರ್ವಾಲೊ ಕಾಣುವುದು ಒಬ್ಬ ನಿಜವಾದ ಜೀವಿವಿಜ್ಞಾನಿಯನ್ನು. 1980ರ ಆ ಕಾದಂಬರಿ ಓದುತ್ತ ನಾವು ಉದ್ದಕ್ಕೂ ನಗುತ್ತೇವೆ, ಆದರೆ ಕೊನೆಕೊನೆಗೆ ಮಂದಣ್ಣನನ್ನು ಹಗುರವಾಗಿ ನೋಡಿದ್ದಕ್ಕೆ ನಮಗೇ ಇರುಸುಮುರುಸಾಗುತ್ತದೆ. ನಾನು ಅದನ್ನು ಪಿಯುಸಿಯಲ್ಲೇ ಓದಿದ್ದೆ. ಓದಿದ್ದರಿಂದ ಏನೂ ಪ್ರಯೋಜನವಾಗಿರಲಿಲ್ಲ ಅನ್ನುವುದು ಬೇರೆ ಮಾತು.

ಐದನೆಯ ಪಾಠದಲ್ಲಿ ‘ಜಾರು’ ಎಂಬುದಕ್ಕೆ ಮನೆಮನೆಯ ಮಾತಿನಲ್ಲಿ ಏನೆನ್ನುತ್ತಾರೆಂದು ಕೇಳಿ ಕಪ್ಪುಹಲಗೆಯ ಮೇಲೆ ಬರೆಯುತ್ತ ಹೋದೆ. ತಮಿಳು ಮಾತಾಡುವ ಹುಡುಗಿ “ವಳುಕ್ಕು” ಎಂದಳು. ಅದರಲ್ಲಿರುವ ತಮಿಳಿನ ಆ ವಿಶೇಷ ‘ಳ’ ನನಗೆ ನಾಲ್ಕು ಸಲ ಪ್ರಯತ್ನಿಸಿದರೂ ಬರಲಿಲ್ಲ. ಮಕ್ಕಳು ಬಿದ್ದು ಬಿದ್ದು ನಕ್ಕರು. ಆಗ ಅಸ್ಸಾಮಿನ ಹುಡುಗ ಕೂತಲ್ಲಿಂದಲೇ, ಮೆಲ್ಲಗೆ, “ಪಿಸೊಲ್” ಅಂದ. ಬರೆದೆ. ಅದರ ಮೇಲೆ ಏನನ್ನೂ ಕೇಳಲಿಲ್ಲ, ಹೊಗಳಲೂ ಇಲ್ಲ. ಹೊಗಳಿದರೆ ಮತ್ತೆ ಎಲ್ಲರ ಕಣ್ಣು ಅವನ ಮೇಲೆ ಬೀಳುತ್ತಿತ್ತು.

ವೀಕ್ಷಕರಲ್ಲಿ ನನ್ನ ಕೋರಿಕೆ ಇಷ್ಟು. ‘ಹಾಸ್ಯಪ್ರಜ್ಞೆ’ಯ ಎದುರು ಅಂಕ ಹಾಕುವ ಬದಲು ಒಂದೆರಡು ವಾಕ್ಯ ಬರೆಯಿರಿ: ನಗು ಯಾವುದರ ಬಗ್ಗೆ ಅಥವಾ ಯಾರ ಬಗ್ಗೆ ಬಂತು, ಅಲ್ಲಿಂದ ಪಾಠಕ್ಕೆ ಮರಳಿದ್ದು ಹೇಗೆ. ಯಾರನ್ನು ನೋಡಿ ನಕ್ಕರೋ ಆ ಮಗು ಮುಂದಿನ ಹದಿನೈದು ನಿಮಿಷ ಏನು ಮಾಡಿತು ಎಂಬುದನ್ನೂ ಸೇರಿಸಿ. ಹಿಂದಿನ ಬೆಂಚಿನಲ್ಲಿ ಕುಳಿತವರಿಗೆ ಅದು ಕಾಣುತ್ತದೆ. ಕಪ್ಪುಹಲಗೆಯ ಕಡೆ ತಿರುಗಿ ನಿಂತ ನಮಗೆ ಕಾಣುವುದಿಲ್ಲ. ಒಂದೇ ಪಾಠ ನೋಡಿ ಎದ್ದು ಹೋದರೆ ಅವರಿಗೂ ಪೂರ್ತಿ ಕಾಣದು, ಆದ್ದರಿಂದ ಮಾರ್ಗದರ್ಶಕ ಶಿಕ್ಷಕರನ್ನು ವಾರದ ಕೊನೆಗೆ ಒಂದು ಮಾತು ಕೇಳಬೇಕು.

ನನ್ನ ಬೋಧನಾಭ್ಯಾಸ ಮುಗಿಯುವವರೆಗೂ ಆ ಹುಡುಗ ಪೂರ್ತಿ ವಾಕ್ಯದಲ್ಲಿ ಉತ್ತರ ಹೇಳಲಿಲ್ಲ. ಕೊನೆಯ ದಿನ ಜಗಲಿಯ ಪಾಚಿಯನ್ನು ಯಾರೋ ಕೆರೆದು ತೆಗೆದಿದ್ದರು. “ಮಿಸ್, ಈಗ ಗರಸನೆ ಇದೆ” ಎಂದು ಮುಂದಿನ ಬೆಂಚಿನ ಹುಡುಗಿ ಕೂಗಿದಳು. ನಾನು ನಗಲಿಲ್ಲ. ಅವನ ಕಡೆ ನೋಡಿದೆ. ಅವನು ಪುಸ್ತಕ ಜೋಡಿಸಿಕೊಳ್ಳುತ್ತಿದ್ದ.