ಊರ ಕಸ ಯಾರ ಊರಿಗೆ?

ಬೆಂಗಳೂರಿನ ಕಸದ ಸಮಸ್ಯೆ ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2012ರಲ್ಲಿ, ನಗರದ ಬೀದಿಗಳಲ್ಲೇ ಕಸ ಕೊಳೆಯತೊಡಗಿದಾಗ. ಅದಕ್ಕೂ ಎಷ್ಟೋ ವರ್ಷ ಮೊದಲಿಂದ ಯಲಹಂಕದಾಚೆಯ ಮಾವಳ್ಳಿಪುರದಲ್ಲಿ ಇದೇ ಕಸ ಕೊಳೆಯುತ್ತಿತ್ತು. ಗ್ರಾಮಸ್ಥರು ಪ್ರತಿಭಟಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯೂ ಬೇಡವೆಂದ ಮೇಲೆ ಅಲ್ಲಿ ಸುರಿಯುವುದು ನಿಂತಿತು. ಲಾರಿಗಳು ಮಂಡೂರಿನ ಕಡೆ ತಿರುಗಿದವು. ಅಲ್ಲಿಯ ಜನ 2014ರ ಜೂನ್‌ನಲ್ಲಿ ರಸ್ತೆಗಿಳಿದರು. ಪೊಲೀಸ್ ಕಾವಲಿನಲ್ಲಿ ಲಾರಿಗಳು ಊರೊಳಗೆ ಬಂದವು. ಆ ವರ್ಷದ ಡಿಸೆಂಬರ್‌ಗೆ ಮಂಡೂರಿಗೆ ಬಿಡುವು ಸಿಕ್ಕಿತು. ಆಮೇಲೆ ಬಾಗಲೂರು, ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಪಾಳು ಕಲ್ಲುಕ್ವಾರಿಗಳ ಸರದಿ.

ಎಲ್ಲಾದರೂ ಹಾಕಲೇಬೇಕಲ್ಲ ಎಂಬುದು ಇದಕ್ಕೆ ಸಿಗುವ ಸಿದ್ಧ ಉತ್ತರ. ಊರಾಚೆ ಜಾಗ ಅಗ್ಗ, ಜನವಸತಿ ಕಡಿಮೆ. ಮೇಲ್ನೋಟಕ್ಕೆ ನ್ಯಾಯವೆನಿಸುವ ಈ ಲೆಕ್ಕದಲ್ಲಿ ಒಂದು ಬಾಬ್ತು ಬಿಟ್ಟುಹೋಗಿದೆ. ಅದು ನೆಲದಡಿಯಲ್ಲಿದೆ.

ನಮ್ಮ ನಗರಗಳ ಮನೆಕಸದಲ್ಲಿ ಸುಮಾರು ಅರ್ಧದಷ್ಟು ಹಸಿಕಸ: ಅನ್ನ, ತರಕಾರಿ ಸಿಪ್ಪೆ, ಹಣ್ಣು. ಅದನ್ನು ಬೇರೆ ಇಟ್ಟರೆ ಗೊಬ್ಬರವಾಗುತ್ತದೆ. ಪ್ಲಾಸ್ಟಿಕ್, ಬ್ಯಾಟರಿ, ಔಷಧಿ, ಬಣ್ಣದ ಡಬ್ಬಗಳ ಜತೆ ಸೇರಿಸಿ ಗುಡ್ಡ ಹಾಕಿದರೆ ಗಾಳಿಯಾಡದೆ ಹುಳಿಯುತ್ತದೆ. ಮೇಲೆ ಮಳೆ ಬಿದ್ದಾಗ ಆ ಹುಳಿ ನೀರು ಲೋಹ, ಲವಣ, ಅಮೋನಿಯಾಗಳನ್ನೆಲ್ಲ ಕರಗಿಸಿಕೊಂಡು ಕಪ್ಪು ರಸವಾಗಿ ಇಳಿಯುತ್ತದೆ. ಇಳಿಜಾರಿದ್ದಲ್ಲಿ ಕೆರೆಗೆ, ಇಲ್ಲದಿದ್ದರೆ ಅಂತರ್ಜಲಕ್ಕೆ. ಬೆಂಗಳೂರಿನ ಸುತ್ತ ಮಣ್ಣಿನ ಕೆಳಗಿರುವುದು ಬಿರುಕುಬಿಟ್ಟ ಗಟ್ಟಿಶಿಲೆ. ಆ ಬಿರುಕುಗಳಲ್ಲೇ ನೀರು ಓಡಾಡುವುದರಿಂದ ಯಾರ ಕೊಳವೆಬಾವಿ ಮೊದಲು ಕೆಡುತ್ತದೆಂದು ಹೇಳುವುದು ಕಷ್ಟ. ಕಲ್ಲುಕ್ವಾರಿಯಂತೂ ಶಿಲೆಯವರೆಗೆ ತೆರೆದಿಟ್ಟ ಬಾಯಿ.

ಇದು ಸರ್ಕಾರಕ್ಕೆ ತಿಳಿಯದ ವಿಷಯವೇನಲ್ಲ. 2000ದ ಘನತ್ಯಾಜ್ಯ ನಿಯಮಗಳೇ ಕೊಳೆಯುವ ಕಸವನ್ನು ಭೂಭರ್ತಿಗೆ ಹಾಕಕೂಡದು ಎಂದಿದ್ದವು. ತಳದಲ್ಲಿ 90 ಸೆಂಟಿಮೀಟರ್ ಬಿಗಿಯಾದ ಜೇಡಿಮಣ್ಣು, ಅದರ ಜತೆ ಒಂದೂವರೆ ಮಿಲಿಮೀಟರ್ ದಪ್ಪದ ಪ್ಲಾಸ್ಟಿಕ್ ಹಾಳೆ, ರಸವನ್ನು ಹಿಡಿದು ಶುದ್ಧೀಕರಿಸುವ ವ್ಯವಸ್ಥೆ, ಸುತ್ತಲಿನ ಅಂತರ್ಜಲದ ಪರೀಕ್ಷೆ, ಎಲ್ಲವನ್ನೂ ಬರೆದಿಟ್ಟಿದ್ದರು. ಇಷ್ಟನ್ನೂ ಪಾಲಿಸಿದರೆ ಊರಾಚೆಯ ಜಾಗ ಅಗ್ಗವಾಗಿ ಉಳಿಯುವುದಿಲ್ಲ. ಅಂದರೆ ಹಳ್ಳಿಯ ನೆಲ ಅಗ್ಗವಾಗಿರುವುದು ಅಲ್ಲಿ ನಿಯಮ ಮುರಿಯುವುದು ಸುಲಭ ಎಂಬ ಕಾರಣಕ್ಕೂ ಹೌದು. ಜಯನಗರದ ಮೈದಾನವೊಂದರಲ್ಲಿ ಹಾಳೆ ಹಾಸದೆ ಒಂದು ಲಾರಿ ಕಸ ಸುರಿದಿದ್ದರೆ ಸಂಜೆಯೊಳಗೆ ತಡೆಯಾಜ್ಞೆ ಬರುತ್ತಿತ್ತು. ಹಳ್ಳಿಯವರ ಅರ್ಜಿಗೆ ವರ್ಷಗಳು ಬೇಕು. ಅವರಿಗೆ ನೀರಿನ ಪರೀಕ್ಷೆ ಮಾಡಿಸಲು ಪ್ರಯೋಗಾಲಯವಿಲ್ಲ, ಕೋರ್ಟಿಗೆ ಅಲೆಯಲು ದಿನಗೂಲಿ ಬಿಡುವಂತಿಲ್ಲ.

ಹಳ್ಳಿಯೊಳಗೂ ಹೊರೆ ಸಮನಾಗಿ ಬೀಳುವುದಿಲ್ಲ, ಇದನ್ನು ನಾವು ಸಾಮಾನ್ಯವಾಗಿ ಮರೆಯುತ್ತೇವೆ. ಬೋರ್‌ವೆಲ್ ನೀರಿಗೆ ವಾಸನೆ ಬಂದಾಗ ಅನುಕೂಲಸ್ಥರು ಕ್ಯಾನ್ ನೀರಿಗೆ ಹೋಗುತ್ತಾರೆ, ತೀರಾ ಆಗದಿದ್ದರೆ ಜಮೀನು ಮಾರಿ ಪಟ್ಟಣ ಸೇರುತ್ತಾರೆ. ಗೋಮಾಳದಲ್ಲಿ ಕುರಿ ಮೇಯಿಸುತ್ತಿದ್ದವರಿಗೆ, ಕೆರೆಯಲ್ಲಿ ದನಕ್ಕೆ ನೀರು ಕುಡಿಸುತ್ತಿದ್ದವರಿಗೆ, ಬೇರೆಯವರ ಹೊಲದಲ್ಲಿ ಕೂಲಿ ಮಾಡುವವರಿಗೆ ಮಾರಲು ಏನೂ ಇರುವುದಿಲ್ಲ. ಅವರು ಕಳೆದುಕೊಂಡ ಗೋಮಾಳ, ಕೆರೆಗಳು ಯಾವ ಪಹಣಿಯಲ್ಲೂ ಅವರ ಹೆಸರಿನಲ್ಲಿಲ್ಲ. ಹಾಗಾಗಿ ಪರಿಹಾರದ ಪಟ್ಟಿಯಲ್ಲೂ ಅವರ ಹೆಸರು ಬರುವುದಿಲ್ಲ.

ಇಂಥ ಕಡೆ ಪರಿಹಾರವೆಂದು ಬರುವುದು ಸಾಮಾನ್ಯವಾಗಿ ರಸ್ತೆ, ಬೀದಿದೀಪ, ಶುದ್ಧ ಕುಡಿಯುವ ನೀರಿನ ಘಟಕ. ಘಟಕ ಬೇಡವೆಂದಲ್ಲ. ನಾಣ್ಯ ಹಾಕಿದರೆ ಕ್ಯಾನ್ ತುಂಬುತ್ತದೆ, ಮನುಷ್ಯರ ಬಾಯಾರಿಕೆ ತೀರುತ್ತದೆ. ಎಮ್ಮೆಗೆ, ಸೊಪ್ಪಿನ ಮಡಿಗೆ, ಬಟ್ಟೆ ಒಗೆಯಲು ಅದೇ ಹಳೆಯ ನೀರು. ನಿನ್ನೆಯವರೆಗೆ ದುಡ್ಡಿಲ್ಲದೆ ಸಿಗುತ್ತಿದ್ದುದನ್ನು ಕೆಡಿಸಿ, ಇಂದು ಕಾಸಿಗೆ ಮಾರಿ ಅದನ್ನು ಅಭಿವೃದ್ಧಿ ಕಾಮಗಾರಿಯ ಪಟ್ಟಿಗೆ ಸೇರಿಸುವುದು ನನಗಂತೂ ಪರಿಹಾರವಾಗಿ ಕಾಣುವುದಿಲ್ಲ.

ಹಾಗಾದರೆ ಅಡುಗೆಮನೆಯಲ್ಲಿ ಎರಡು ಬುಟ್ಟಿ ಇಡುವುದು ಬರೀ ಶಿಸ್ತಿನ ಮಾತಲ್ಲ. ಹಸಿ, ಒಣ ಬೇರೆ ಮಾಡಲು ಬೇಸರಪಟ್ಟು ಉಳಿಸಿದ ಅರ್ಧ ನಿಮಿಷದ ಬೆಲೆಯನ್ನು ಮೂವತ್ತು ಮೈಲಿಯೊಳಗಿನ ಯಾರದೋ ಬಾವಿ ತೆರುತ್ತದೆ. ಬೆಂಗಳೂರಿನಲ್ಲಿ ವಿಂಗಡಣೆ ಕಡ್ಡಾಯವಾದದ್ದು 2012ರ ಅಕ್ಟೋಬರ್‌ನಲ್ಲಿ, ಹಳ್ಳಿಗಳು ದಾರಿ ಅಡ್ಡಗಟ್ಟಿದ ಮೇಲೆಯೇ. ನಗರಕ್ಕೆ ಬುದ್ಧಿ ಬಂದದ್ದು ಹಳ್ಳಿಯ ತಾಳ್ಮೆಯಿಂದಲ್ಲ, ಅದರ ತಕರಾರಿನಿಂದ. ತಮ್ಮೂರಿನ ಹಿತಕ್ಕಾಗಿ ನಗರವನ್ನು ಒತ್ತೆಯಾಳಾಗಿಸಿದರೆಂದು ಹಳ್ಳಿಯವರನ್ನು ಬೈದವರು ಇದನ್ನು ಗಮನಿಸಬೇಕು.

ಲಾರಿ ನಿಂತ ಮಾತ್ರಕ್ಕೆ ರಸ ಇಳಿಯುವುದು ನಿಲ್ಲುವುದಿಲ್ಲ. ಭೂಭರ್ತಿ ಮುಚ್ಚಿದ ಮೇಲೂ 15 ವರ್ಷ ನಿಗಾ ಇಡಬೇಕೆಂದು ನಿಯಮ ಹೇಳುತ್ತದೆ. ಮಂಡೂರಿಗೆ ಹಚ್ಚಿ ನೋಡಿದರೆ 2029ರ ಕೊನೆಯವರೆಗೆ. ಅಲ್ಲಿಯವರೆಗಾದರೂ ಪ್ರತಿ ಮಳೆಗಾಲದ ಮೊದಲು ಮತ್ತು ನಂತರ ಸುತ್ತಲಿನ ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿ, ಕ್ಲೋರೈಡ್, ನೈಟ್ರೇಟ್, ಅಮೋನಿಯಾ ಎಷ್ಟಿದೆ, ಹಿಂದಿನ ಸಲಕ್ಕಿಂತ ಏರಿದೆಯೇ ಎಂಬುದನ್ನು ಕನ್ನಡದಲ್ಲಿ ಬರೆದು ಪಂಚಾಯಿತಿ ಕಚೇರಿಯ ಗೋಡೆಗೆ ಅಂಟಿಸಲಿ. ಖರ್ಚನ್ನು ಬೆಂಗಳೂರಿನ ಆಸ್ತಿ ತೆರಿಗೆಯಿಂದ ಕೊಡಲಿ.