ಚಹಾ ವಿರಾಮದ ಎರಡು ವಾಕ್ಯ

ಮಂಡ್ಯದ ವಿ.ಸಿ. ಫಾರಂನಲ್ಲಿ ಬೆಲ್ಲದ ಬಗ್ಗೆ ಒಂದು ವಿಚಾರ ಸಂಕಿರಣ ನಡೆದಿದೆ ಎಂದುಕೊಳ್ಳಿ. ಗುತ್ತಲು ಕಡೆಯ ಆಲೆಮನೆಯವರೊಬ್ಬರು ಹೈಡ್ರೋಸ್ ಹಾಕದೆ ಬೆಲ್ಲ ಮಾಡುವ ಬಗೆಯನ್ನು ಇಪ್ಪತ್ತು ನಿಮಿಷ ವಿವರಿಸಿದ್ದಾರೆ. ಆಮೇಲೆ ಚಹಾ. ಲೋಟ ಹಿಡಿದು ಬಂದ ಮಂಡಿ ವ್ಯಾಪಾರಿ ಭಾಷಣಕ್ಕೆ ತಡವಾಗಿ ಬಂದವರು. "ನಿಮ್ಮದೇನು ವಿಷಯ?" ಎಂದು ಕೇಳುತ್ತಾರೆ. ಈಗ ಕೈಯಲ್ಲಿರುವುದು ಎರಡು ವಾಕ್ಯದಷ್ಟು ಸಮಯ.

ಸಾಮಾನ್ಯವಾಗಿ ಬರುವ ಉತ್ತರ ಹೀಗಿರುತ್ತದೆ: "ನಾವು ಸಾವಯವ ವಿಧಾನದಲ್ಲಿ ಗುಣಮಟ್ಟದ ಬೆಲ್ಲ ಮಾಡುತ್ತೇವೆ. ಆರೋಗ್ಯಕ್ಕೂ ಒಳ್ಳೆಯದು, ರೈತರಿಗೂ ಲಾಭ." ಇಡೀ ಭಾಷಣವನ್ನು ಸಮನಾಗಿ ಕುಗ್ಗಿಸಿದರೆ ಉಳಿಯುವುದು ಇಂಥ ಮಾತೇ. ಪ್ರತಿ ಭಾಗದಿಂದಲೂ ವಿವರ ಉದುರಿ, ಯಾರು ಬೇಕಾದರೂ ಹೇಳಬಹುದಾದ ಶೀರ್ಷಿಕೆಗಳಷ್ಟೇ ಮಿಗುತ್ತವೆ. ವ್ಯಾಪಾರಿ "ಒಳ್ಳೇದು ಸಾರ್" ಎಂದು ಬಿಸ್ಕತ್ತಿನ ಕಡೆ ನಡೆಯುತ್ತಾರೆ. ಹಾಗಾಗಿ ಎರಡು ವಾಕ್ಯವೆಂದರೆ ಭಾಷಣದ ಸಾರಾಂಶವಲ್ಲ ಎಂಬುದು ನನ್ನ ವಾದ. ಅದು ಭಾಷಣದ ಒಂದೇ ಒಂದು ಭಾಗ. ಯಾವ ಭಾಗ ಎಂಬುದನ್ನು ಎದುರಿಗಿರುವವರ ಕಸುಬು ನಿರ್ಧರಿಸಬೇಕು.

ವ್ಯಾಪಾರಿಯ ಚಿಂತೆ ಬಣ್ಣ. ಹೈಡ್ರೋಸ್ ಪುಡಿ ಪಾಕವನ್ನು ಬಿಳುಪಾಗಿಸಿ ಬೆಲ್ಲಕ್ಕೆ ಹೊಳೆಯುವ ಹಳದಿ ಕೊಡುತ್ತದೆ. ಆದರೆ ದಾಸ್ತಾನಿನಲ್ಲಿ ಗಾಳಿ, ತೇವ ತಗುಲಿದ ಮೇಲೆ ಆ ಬಣ್ಣ ನಿಲ್ಲದೆ ಮತ್ತೆ ಕಪ್ಪಿಗೆ ತಿರುಗುತ್ತದೆ. ಅವರಿಗೆ ಹೀಗೆ ಹೇಳಬಹುದು: "ಅಣ್ಣಾ, ಹೈಡ್ರೋಸ್ ಹಾಕಿದ ಹಳದಿ ಬೆಲ್ಲ ಮಳೆಗಾಲದಲ್ಲಿ ಗೋಡೌನಿನಲ್ಲೇ ಕಪ್ಪಾಗುತ್ತಲ್ಲ. ನಮ್ಮದಕ್ಕೆ ಹೈಡ್ರೋಸ್ ಹಾಕಲ್ಲ, ಬೆಂಡೆ ಲೋಳೆಯಿಂದ ಕೊಳೆ ತೆಗೀತೀವಿ, ಆದ್ರೆ ಬಣ್ಣ ಮೊದಲಿಂದಲೂ ಕಂದೇ."

ಮೊದಲ ವಾಕ್ಯದಲ್ಲಿರುವುದು ಅವರೇ ಕಂಡ ನಷ್ಟ. ಎರಡನೆಯದರಲ್ಲಿ ಹೊಸ ವಿಷಯವೂ ಅದರ ಮಿತಿಯೂ ಇವೆ. ಆ "ಆದ್ರೆ" ಬಿಟ್ಟರೆ ಮಾತು ಇನ್ನೂ ಚಂದ ಕೇಳುತ್ತದೆ, ಬಹುತೇಕರು ಬಿಡುವುದೂ ಅದನ್ನೇ. ನನ್ನ ಪ್ರಕಾರ ಬಿಡಬೇಕಾದದ್ದು ಪುರಾವೆಯನ್ನು, ಮಿತಿಯನ್ನಲ್ಲ. ಪುರಾವೆ ಬೇಕಿದ್ದವರು ತಾವೇ ಕೇಳುತ್ತಾರೆ: ಎಷ್ಟು ದಿನ ಇಟ್ಟು ನೋಡಿದಿರಿ, ಎಷ್ಟು ಕೊಪ್ಪರಿಗೆ ಇಳಿಸಿದಿರಿ ಎಂದು. ಮಿತಿಯೊಂದು ಇದೆಯೆಂದೇ ಗೊತ್ತಿಲ್ಲದವರು ಅದನ್ನು ಹೇಗೆ ಕೇಳಿಯಾರು? ಅದೇ ಕಾರಣಕ್ಕೆ "ಕೆಮಿಕಲ್ ಇಲ್ಲದ ಬೆಲ್ಲ" ಎನ್ನುವುದೂ ಬೇಡ. ಕಬ್ಬಿನ ಹಾಲಿನ ಹುಳಿ ಮುರಿಯಲು ಸುಣ್ಣ ಹಾಕುವವರು ಹಾಗೆಂದರೆ ಪಕ್ಕದಲ್ಲಿ ನಿಂತ ವಿಜ್ಞಾನಿ ಅಲ್ಲೇ ಹಿಡಿಯುತ್ತಾರೆ. "ಹೈಡ್ರೋಸ್ ಇಲ್ಲ" ಎಂದರೆ ಸಾಕು, ನಿಜವೂ ಹೌದು.

ಅದೇ ಲೋಟ ಹಿಡಿದು ಇನ್ನೊಬ್ಬ ಆಲೆಮನೆಯವರು ಬಂದರೆ ಈ ವಾಕ್ಯಗಳು ಕೆಲಸಕ್ಕೆ ಬರುವುದಿಲ್ಲ. ಬೆಲ್ಲ ಗೋಡೌನಿಗೆ ಹೋದಮೇಲೆ ಅವರಿಗೇನು? ಅವರ ಕಣ್ಣು ಒಲೆಯ ಮೇಲೆ. "ಬೆಂಡೆ ಲೋಳೆ ಹಾಕಿಯೂ ಬೆಲ್ಲ ಮಂಕಾಗಿದ್ರೆ, ಹಾಕಿದ ಹೊತ್ತು ನೋಡಿ. ಹಾಲು ಜೋರಾಗಿ ಕುದಿಯೋಕೆ ಮುಂಚೆ ಕೊಳೆ ತೆಗೀದಿದ್ರೆ ಅದು ಒಡೆದು ಹಾಲಿಗೇ ಬೆರೆಯುತ್ತೆ." ಭಾಷಣ ಒಂದೇ ಆದರೂ ಇದು ಅದರ ಇನ್ನೊಂದು ಮೂಲೆಯ ಮಾತು. ಒಂದೇ ಜೋಡಿ ವಾಕ್ಯ ಬಾಯಿಪಾಠ ಮಾಡಿಕೊಂಡು ಹೋಗುವವರು ಇಲ್ಲೇ ಎಡವುತ್ತಾರೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ವಾಕ್ಯದಲ್ಲಿ ಕ್ರಿಯಾಪದ ಕೊನೆಗೆ ಬರುತ್ತದೆ. "ಮಾಡಿ, ಸೋಸಿ, ಕಾಯಿಸಿ, ಹದ ನೋಡಿ" ಎಂದು ಎಷ್ಟು ಬೇಕಾದರೂ ಪೋಣಿಸುತ್ತಾ ಹೋಗಬಹುದು. ಲೆಕ್ಕಕ್ಕೆ ಎರಡೇ ವಾಕ್ಯ, ಕೇಳುವವರಿಗೆ ಪುಟದಷ್ಟು. ಲೋಟಗಳ ಸದ್ದಿನಲ್ಲಿ ಕೊನೆಯ ಪದವೇ ಕೇಳಿಸದೆ ಹೋದರೆ, ಹಾಕುತ್ತೇವೆ ಎಂದರೋ ಹಾಕುವುದಿಲ್ಲ ಎಂದರೋ ತಿಳಿಯದು. ಉಸಿರು ಕಟ್ಟದೆ ಹೇಳಲಾಗದಿದ್ದರೆ ಪೋಣಿಸಿದ್ದನ್ನು ಬಿಚ್ಚಬೇಕು. ಎರಡು ಮೂರಾದರೂ ನಷ್ಟವಿಲ್ಲ.

ಮಾತು ತಲುಪಿತೇ ಎಂದು ತಿಳಿಯುವುದು ಹೊಗಳಿಕೆಯಿಂದಲ್ಲ. ವ್ಯಾಪಾರಿ ನಿಮ್ಮನ್ನು ಮೂರನೆಯವರಿಗೆ ಪರಿಚಯಿಸುವಾಗ ಏನೆನ್ನುತ್ತಾರೆ ಎಂಬುದಕ್ಕೆ ಕಿವಿಗೊಡಿ. "ಇವರು ಸಾವಯವ ಬೆಲ್ಲದವರು" ಎಂದರೆ ನಿಮ್ಮ ವಾಕ್ಯ ಅವರ ತಲೆಯಲ್ಲಿ ಉಳಿದಿಲ್ಲ. "ಇವರದು ಕಂದು ಬೆಲ್ಲ, ಹೈಡ್ರೋಸ್ ಇಲ್ಲವಂತೆ, ಆದ್ರೆ ಬಣ್ಣಕ್ಕೆ ರೇಟು ಸಿಗುತ್ತೋ ಇಲ್ವೋ ನೋಡ್ಬೇಕು" ಎಂದರೆ ಉಳಿದಿದೆ, ಅನುಮಾನದ ಸಮೇತ. ಆ ಅನುಮಾನಕ್ಕೆ ಉತ್ತರ ಕೊಡುವ ಭಾಗ ಇಪ್ಪತ್ತು ನಿಮಿಷದ ಭಾಷಣದಲ್ಲಿ ಹೇಗೂ ಇದೆ, ಅದನ್ನು ಈಗ ನಿಧಾನವಾಗಿ ಹೇಳಬಹುದು.