ಅಣಬೆ ಚೀಲ, ಭಾಗ 4: ಹಸಿರು ಕೊಯ್ದು ತೆಗೆದ್ರೆ ಮುಗೀತಾ?

"ಹಸಿರು ಜಾಗ ಮಾತ್ರ ಕೊಯ್ದು ಬಿಸಾಕು, ಉಳಿದ ಚೀಲ ಸರಿಹೋಗುತ್ತೆ" ಅಂತ ಒಂದೇ ಫೋಟೋ ನೋಡಿ ಸಲಹೆ ಕೊಡೋರೇ, ದಯವಿಟ್ಟು ನಿಲ್ಸಿ.

ನಾನು ಅದನ್ನ ನಂಬಿದ್ದೆ. ಸಿಂಪಿ ಅಣಬೆ ಚೀಲ ಕಟ್ಟಿದ 9ನೇ ದಿನ, ತೂತಿನ ಪಕ್ಕ ರೂಪಾಯಿ ನಾಣ್ಯದಷ್ಟು ಹಸಿರು ಕಾಣಿಸ್ತು. ಪ್ಲಾಸ್ಟಿಕ್ ಕೊಯ್ದು, ಅಷ್ಟು ಹುಲ್ಲನ್ನೂ ಕಿತ್ತು ತೆಗೆದೆ. 13ನೇ ದಿನ ಆ ಗುಂಡಿಯ ಸುತ್ತ ಬಳೆಯ ಹಾಗೆ ಹಸಿರು. ಅದೇ ಕೈಯಲ್ಲಿ ಮುಟ್ಟಿದ್ದ ಪಕ್ಕದ ಚೀಲದಲ್ಲೂ ಎರಡು ಚುಕ್ಕೆ!

ಆಮೇಲೆ 7ನೇ ದಿನದ ಫೋಟೋ ತೆಗೆದು ನೋಡಿದೆ. ಅದೇ ಜಾಗ ಬೆಳ್ಳಗಿತ್ತು. ನಾನು ಅಣಬೆಯೇ ಹಬ್ಬಿದೆ ಅಂತ ಖುಷಿಪಟ್ಟಿದ್ದೆ.

ವಿಷಯ ಇಷ್ಟೇ. ಈ ಹಸಿರು ಬೂಷ್ಟು, ಅಂದ್ರೆ ಟ್ರೈಕೋಡರ್ಮಾ, ಮೊದಲು ಬಿಳಿಯಾಗಿಯೇ ಹರಡುತ್ತೆ. ಹಸಿರು ಅನ್ನೋದು ಅದರ ಬೀಜಕಣಗಳ ಬಣ್ಣ. ಹಸಿರು ಕಾಣೋ ಹೊತ್ತಿಗೆ ಅದರ ಬಿಳಿ ಎಳೆ ಇನ್ನೂ ಆಚೆಗೆ ಹೋಗಿರುತ್ತೆ. ಅಣಬೆಯ ಎಳೆಯೂ ಬಿಳಿಯೇ. ಹಾಗಿದ್ದಾಗ ಎಲ್ಲಿವರೆಗೆ ಕೊಯ್ಯಬೇಕು ಅಂತ ಯಾವ ಫೋಟೋ ಹೇಳುತ್ತೆ? ಕೊಯ್ದರೆ ಬೀಜಕಣ ಕೈಗೆ, ಚಾಕುವಿಗೆ ಅಂಟಿ ಮುಂದಿನ ಚೀಲಕ್ಕೆ ಹೋಗುತ್ತೆ, ಅಷ್ಟೇ.

ಫೋಟೋ ತೆಗೀರಿ, ಬೇಡ ಅಂತಿಲ್ಲ. ಆದ್ರೆ ಹಗಲು ಬೆಳಕಲ್ಲಿ, ಫಿಲ್ಟರ್ ಇಲ್ದೆ, ಇಡೀ ಚೀಲ ಕಾಣೋ ಹಾಗೆ, ಎರಡು ದಿನಕ್ಕೊಮ್ಮೆ ಅದೇ ಕೋನದಿಂದ. ಬಿಳಿ ಜಾಗ ಹಸಿರಿಗೆ ತಿರುಗಿದ್ರೆ ಚೀಲ ಬಿಚ್ಚಬೇಡಿ. ಹಾಗೇ ಹೊರಗೆ ದೂರ ಒಯ್ದು, ಹುಲ್ಲನ್ನ ಮಣ್ಣಲ್ಲಿ ಹೂಳಿ, ಕೈ ತೊಳೆದು ಒಳಗೆ ಬನ್ನಿ.

ಒಂದು ಚೀಲ ಹೋದ್ರೆ ಹೋಗ್ಲಿ. ನಾನು ಉಳಿಸೋಕೆ ಹೋಗಿ ಎರಡು ಕಳ್ಕೊಂಡೆ.